ಉಳಿದ ಒಂದು ಪೈಸೆ ಯಾರ ಲೆಕ್ಕಕ್ಕೆ?

ಸಾವಿರ ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಿ ನೋಡಿ. ತಲಾ 333 ರೂಪಾಯಿ 33 ಪೈಸೆ ಬರುತ್ತದೆ, ಮೂರನ್ನೂ ಕೂಡಿದರೆ 999 ರೂಪಾಯಿ 99 ಪೈಸೆ. ಒಂದು ಪೈಸೆ ಎಲ್ಲಿಗೂ ಸೇರದೆ ಉಳಿಯಿತು. ಹೋಟೆಲಿನ ಬಿಲ್ ಹಂಚಿಕೊಳ್ಳುವ ಗೆಳೆಯರಾರೂ ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಇದೇ ಲೆಕ್ಕ ಮಾಡುವ ಪ್ರೋಗ್ರಾಂ ಬರೆದುಕೊಡಿ ಎಂದು ಸಾಫ್ಟ್‌ವೇರ್ ಕಂಪನಿಯೊಂದು ಕೆಲಸಕ್ಕೆ ಅರ್ಜಿ ಹಾಕಿದವರನ್ನು ಕೇಳಿದರೆ, ಆ ಕೋಡನ್ನು ಓದಲು ಕೂತವರು ಮೊದಲು ಹುಡುಕುವುದು ಆ ಒಂದು ಪೈಸೆಯನ್ನೇ.

ಬೆಂಗಳೂರಿನ ಸ್ಟಾರ್ಟಪ್‌ಗಳಲ್ಲಿ ಕೆಲಸ ಹುಡುಕುವವರಿಗೆ 'ಟೇಕ್-ಹೋಮ್ ಅಸೈನ್‌ಮೆಂಟ್' ಹೊಸದೇನಲ್ಲ. ಇಂಟರ್‌ವ್ಯೂನಲ್ಲಿ ಎದುರಿಗೆ ಕೂರಿಸಿಕೊಂಡು ಒಗಟು ಕೇಳುವ ಬದಲು, ಒಂದು ಚಿಕ್ಕ ಕೆಲಸ ಕೊಟ್ಟು ಮನೆಯಲ್ಲಿ ಮಾಡಿ ಕಳಿಸಿ ಅನ್ನುತ್ತಾರೆ. ಕೈಗೆ ಬರುವುದು ಅರ್ಧ ಪುಟದ ಪ್ರಶ್ನೆ, ಮೂರು ನಾಲ್ಕು ದಿನದ ಗಡುವು, 'ನಾಲ್ಕು ಗಂಟೆಗಿಂತ ಹೆಚ್ಚು ಸಮಯ ಕೊಡಬೇಡಿ' ಎಂಬ ಒಂದು ಸಾಲು. ಈ ಕೊನೆಯ ಸಾಲನ್ನು ಬಹುತೇಕ ಯಾರೂ ನಂಬುವುದಿಲ್ಲ. ಶನಿವಾರ ಬೆಳಿಗ್ಗೆ ಕೂತವರು ಸೋಮವಾರ ನಸುಕಿನಲ್ಲಿ ಏಳುತ್ತಾರೆ. ಅಷ್ಟು ಹೊತ್ತಿಗೆ ಲಾಗಿನ್ ಪುಟ, ಡೇಟಾಬೇಸ್, ಬಣ್ಣಬಣ್ಣದ ಚಾರ್ಟು ಎಲ್ಲವೂ ಸಿದ್ಧವಾಗಿರುತ್ತವೆ. ಪೈಸೆಯೊಂದು ಮಾತ್ರ ಕಾಣೆ.

ಇಂಥ ಕೋಡುಗಳನ್ನು ಓದಿ ಅಭಿಪ್ರಾಯ ಬರೆಯುವುದು ನನ್ನ ಕೆಲಸದ ಒಂದು ಭಾಗ. ಓದುವವರ ಕಡೆಯಿಂದ ಈ ವ್ಯವಹಾರ ಹೇಗೆ ಕಾಣುತ್ತದೆ ಎಂಬುದನ್ನು ಒಂದೇ ಉದಾಹರಣೆ ಹಿಡಿದು ಹೇಳುತ್ತೇನೆ. ಪ್ರಶ್ನೆ ಹೀಗಿದೆ ಅಂದುಕೊಳ್ಳೋಣ: ಗೆಳೆಯರು ಪ್ರವಾಸ ಹೋಗಿದ್ದಾರೆ, ಯಾರು ಯಾರಿಗಾಗಿ ಎಷ್ಟು ಖರ್ಚು ಮಾಡಿದರು ಎಂಬ ಪಟ್ಟಿ ಒಂದು ಸಿಎಸ್‌ವಿ ಕಡತದಲ್ಲಿದೆ, ಕೊನೆಯಲ್ಲಿ ಯಾರು ಯಾರಿಗೆ ಎಷ್ಟು ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ ಎಂದು ತೋರಿಸಿ. ಭಾಷೆ ನಿಮ್ಮಿಷ್ಟ. ಟೆಸ್ಟ್ ಇರಲಿ. ನಾಲ್ಕು ಗಂಟೆ.

```
date,paid_by,amount,for
2024-12-20,asha,3000,asha;ravi;imran
2024-12-20,ravi,1000,asha;ravi;imran
2024-12-21,imran,19.99,asha;ravi
```

ಎಷ್ಟು ಕಟ್ಟಬೇಕು

ಕೀಬೋರ್ಡ್ ಮುಟ್ಟುವ ಮೊದಲು ಈ ಮೂರು ಖರ್ಚಿನ ಸಾಲನ್ನು ಕಾಗದದ ಮೇಲೆ ಕೈಯಲ್ಲಿ ಬಿಡಿಸಬೇಕು. ಹತ್ತು ನಿಮಿಷದ ಕೆಲಸ, ಆದರೆ ಮುಂದಿನ ಎಲ್ಲ ತೀರ್ಮಾನಗಳೂ ಇಲ್ಲಿಂದಲೇ ಹುಟ್ಟುತ್ತವೆ. ಮೊದಲ ಸಾಲು ಸಲೀಸು: ಆಶಾ ಮೂರು ಸಾವಿರ ಕೊಟ್ಟಳು, ತಲಾ ಒಂದು ಸಾವಿರ. ಎರಡನೆಯ ಸಾಲಿನಲ್ಲಿ ನಮ್ಮ ಪೈಸೆ ಎದುರಾಗುತ್ತದೆ. ಅದನ್ನು ಯಾರಾದರೂ ಒಬ್ಬರು ಹೊರಲೇಬೇಕು. ಹೆಸರಿನ ಅಕಾರಾದಿಯಲ್ಲಿ ಮೊದಲು ಬರುವವರ ತಲೆಗೆ ಎಂದು ನಿಯಮ ಮಾಡಿದರೆ ಆಶಾಗೆ 333.34, ಉಳಿದಿಬ್ಬರಿಗೆ 333.33. ಮೂರನೆಯ ಸಾಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಮ್ರಾನ್ ದುಡ್ಡು ಕೊಟ್ಟಿದ್ದಾನೆ, ಆದರೆ ಆ ಖರ್ಚಿನಲ್ಲಿ ಅವನ ಪಾಲಿಲ್ಲ. 19.99 ರೂಪಾಯಿ ಆಶಾ ಮತ್ತು ರವಿಯ ನಡುವೆ 10.00 ಮತ್ತು 9.99 ಆಗಿ ಒಡೆಯುತ್ತದೆ. ಎಲ್ಲ ಕೂಡಿ ಕಳೆದರೆ ಆಶಾಗೆ 1656.66 ಬರಬೇಕು, ಇಮ್ರಾನ್ 1313.34, ರವಿ 343.32 ಕೊಡಬೇಕು. ಕೊಡುವವರ ಮೊತ್ತವೂ ಬರಬೇಕಾದ್ದೂ ಪೈಸೆಗೆ ಪೈಸೆ ತಾಳೆಯಾಗುತ್ತದೆ.

ಈಗ ಕೇಳಿಕೊಳ್ಳಿ, ಈ ಪ್ರಶ್ನೆಯಲ್ಲಿ ಕಷ್ಟ ಎಲ್ಲಿದೆ? ಹಣವನ್ನು ತಪ್ಪಿಲ್ಲದೆ ಓದುವುದರಲ್ಲಿ, ಹಂಚುವಾಗ ಉಳಿಯುವ ಪೈಸೆಯಲ್ಲಿ, ಕೊನೆಗೆ ಯಾರು ಯಾರಿಗೆ ಕೊಡಬೇಕೆಂದು ಜೋಡಿಸುವುದರಲ್ಲಿ. ಲಾಗಿನ್ ಪುಟದಲ್ಲಿ ಅಲ್ಲ. ನಾಲ್ಕು ಗಂಟೆಯನ್ನು ಈ ಮೂರರ ಮೇಲೆ ಖರ್ಚು ಮಾಡಬೇಕು. ವೆಬ್ ಪುಟ ಬೇಕೆಂದು ಪ್ರಶ್ನೆ ಕೇಳದಿದ್ದರೆ ಅದು ಬೇಡ. ಟರ್ಮಿನಲ್‌ನಲ್ಲಿ ಎರಡು ಸಾಲು ಉತ್ತರ ಬಂದರೆ ಸಾಕು. ಮೂರು ಸಾಲಿನ ಕಡತಕ್ಕೆ ಡೇಟಾಬೇಸ್ ಹಾಕಿದರೆ ಓದುವವರಿಗೆ ಸಿಗುವುದು ಸಾಮರ್ಥ್ಯದ ಗುರುತಲ್ಲ. ಅದನ್ನು ಇನ್‌ಸ್ಟಾಲ್ ಮಾಡುವ ಕೆಲಸ, ಅಷ್ಟೆ. ಮೇಲಾಗಿ, ಹೆಚ್ಚಿಗೆ ಕಟ್ಟಿದ್ದೆಲ್ಲವೂ ಪರೀಕ್ಷೆಗೆ ಒಳಗಾಗುತ್ತದೆ. ಕೇಳದೇ ಇದ್ದ ಲಾಗಿನ್‌ನಲ್ಲಿ ಪಾಸ್‌ವರ್ಡನ್ನು ಇದ್ದ ಹಾಗೆಯೇ ಬರೆದಿಟ್ಟಿದ್ದರೆ, ಪ್ರಶ್ನೆಯಲ್ಲೇ ಇಲ್ಲದ ವಿಷಯಕ್ಕೆ ಅಂಕ ಕಳೆದುಕೊಂಡಂತೆ.

ಪ್ರಶ್ನೆಯಲ್ಲಿ ಸ್ಪಷ್ಟವಿಲ್ಲದ್ದು ಒಂದೆರಡು ಇದ್ದೇ ಇರುತ್ತವೆ. ಸಮಪಾಲು ಮಾತ್ರವೇ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಎಂಬುದೂ ಉಂಟೇ? ಡಾಲರ್, ರೂಪಾಯಿ ಬೆರೆತು ಬರಬಹುದೇ? ಇವನ್ನು ಎಚ್‌ಆರ್‌ಗೆ ಒಂದು ಚಿಕ್ಕ ಮೇಲ್ ಬರೆದು ಕೇಳುವುದರಲ್ಲಿ ಸಂಕೋಚ ಬೇಡ. ಕೆಲಸಕ್ಕೆ ಸೇರಿದ ಮೇಲೂ ದಿನಾ ಮಾಡುವುದು ಅದನ್ನೇ. ಆದರೆ ಉತ್ತರಕ್ಕಾಗಿ ಕೈಕಟ್ಟಿ ಕೂರಬಾರದು. ಎರಡರಲ್ಲಿ ಸರಳವಾದದ್ದನ್ನು ಆರಿಸಿ, ಹೀಗೆ ಅಂದುಕೊಂಡೆ ಎಂದು ಬರೆದಿಟ್ಟು ಮುಂದೆ ಹೋಗಬೇಕು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಪ್ರಶ್ನೆಗಳು ನಾಲ್ಕು ಗಂಟೆಯವಲ್ಲ, ಎರಡು ವಾರದವು. ಪೇಮೆಂಟ್, ಅಡ್ಮಿನ್ ಪುಟ, ಮೊಬೈಲ್ ಆ್ಯಪ್ ಎಲ್ಲ ಸೇರಿಸಿ, ಕಂಪನಿ ತಾನೇ ಮಾರುವ ಸರಕಿನಂಥದ್ದನ್ನೇ ಕಟ್ಟಿಕೊಡಿ ಅನ್ನುತ್ತವೆ. ಅದು ಪರೀಕ್ಷೆಯಲ್ಲ, ಬಿಟ್ಟಿ ಚಾಕರಿ. ಇದರಲ್ಲಿ ಈ ಒಂದು ಭಾಗವನ್ನು ಮಾತ್ರ ಮಾಡಿ ಕೊಡುತ್ತೇನೆ ಎಂದು ಹೇಳಿ ನೋಡಬಹುದು. ಒಪ್ಪದಿದ್ದರೆ ಬಿಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಪೈಸೆ ಕಳೆದುಹೋಗುವ ದಾರಿಗಳು

ಕಂಪ್ಯೂಟರು ದಶಮಾಂಶ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ. 19.99 ಅನ್ನುವುದು ಆ ರೂಪದಲ್ಲಿ ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಪೈಥಾನ್‌ನಲ್ಲಿ `19.99 * 100` ಎಂದು ಕೇಳಿ, 1999 ಬರುವುದಿಲ್ಲ, `1998.9999999999998` ಬರುತ್ತದೆ. ಅದನ್ನು `int` ಎಂದು ಪೂರ್ಣಾಂಕ ಮಾಡಿದರೆ ಬಾಲ ಕತ್ತರಿಸಿ 1998 ಉಳಿಯುತ್ತದೆ. ಹಂಚುವ ಮೊದಲೇ, ಓದುವ ಹಂತದಲ್ಲೇ ಒಂದು ಪೈಸೆ ಹೋಯಿತು. ಇದಕ್ಕೆ ಪರಿಹಾರ ಹಳೆಯದು, ಎಲ್ಲರಿಗೂ ಗೊತ್ತಿರುವಂಥದ್ದು: ಕಡತದ ಅಕ್ಷರಗಳನ್ನು `Decimal` ಮೂಲಕ ಓದಿ, ನೂರರಿಂದ ಗುಣಿಸಿ, ಆಮೇಲೆ ಕೊನೆಯವರೆಗೂ ಪೈಸೆಯಲ್ಲೇ ಪೂರ್ಣಾಂಕವಾಗಿ ಲೆಕ್ಕ ಮಾಡುವುದು. ರೂಪಾಯಿ ಕಾಣಿಸಿಕೊಳ್ಳಬೇಕಾದದ್ದು ಉತ್ತರ ಮುದ್ರಿಸುವಾಗ ಮಾತ್ರ.

ಹಂಚುವ ಕೆಲಸ ಆಗ ಮೂರು ಸಾಲಿಗೆ ಇಳಿಯುತ್ತದೆ:

```python
def split(paise, people):
    share, extra = divmod(paise, len(people))
    return {p: share + (1 if i < extra else 0)
            for i, p in enumerate(sorted(people))}
```

`divmod` ಭಾಗಲಬ್ಧವನ್ನೂ ಶೇಷವನ್ನೂ ಒಟ್ಟಿಗೆ ಕೊಡುತ್ತದೆ. ಶೇಷ ಎಷ್ಟಿದೆಯೋ ಅಷ್ಟು ಜನರಿಗೆ ತಲಾ ಒಂದು ಪೈಸೆ ಹೆಚ್ಚು. `sorted` ಯಾಕೆಂದರೆ, ಕಡತದಲ್ಲಿ ಹೆಸರುಗಳು ಯಾವ ಕ್ರಮದಲ್ಲಿದ್ದರೂ ಉತ್ತರ ಒಂದೇ ಬರಬೇಕು. ಇದರಲ್ಲೊಂದು ಅನ್ಯಾಯವೂ ಇದೆ: ಪ್ರತಿ ಸಲವೂ ಆ ಪೈಸೆ ತೆರುವವಳು ಆಶಾಳೇ. ನಮ್ಮ ಉದಾಹರಣೆಯಲ್ಲಿ ಅವಳಿಗೆ ಎರಡು ಸಲ ಬಿತ್ತು. ಪ್ರವಾಸದ ಲೆಕ್ಕಕ್ಕೆ ಇದು ನಡೆಯುತ್ತದೆ, ವರ್ಷಗಟ್ಟಲೆ ಒಂದೇ ಮನೆಯಲ್ಲಿರುವವರ ಲೆಕ್ಕಕ್ಕೆ ನಡೆಯುವುದಿಲ್ಲ. ಇದನ್ನು ಸರಿಪಡಿಸಲೇಬೇಕೆಂದಿಲ್ಲ. ಆದರೆ ಗೊತ್ತಿದ್ದೇ ಬಿಟ್ಟಿದ್ದೇನೆ ಎಂದು ಬರೆದಿಟ್ಟವರಿಗೂ ಗಮನಿಸದೇ ಹೋದವರಿಗೂ ಬಹಳ ವ್ಯತ್ಯಾಸವಿದೆ.

ಇನ್ನು ಟೆಸ್ಟ್. ಬಹುಪಾಲು ಅಭ್ಯರ್ಥಿಗಳಿಗೆ ಥಟ್ಟನೆ ಹೊಳೆಯುವುದು ಹಂಚಿದ್ದನ್ನೆಲ್ಲ ಕೂಡಿದರೆ ಮೂಲ ಮೊತ್ತ ಬರಬೇಕು ಎಂಬುದು.

```python
def test_no_paisa_is_lost():
    parts = split(100000, ["ravi", "asha", "imran"])
    assert sum(parts.values()) == 100000
```

ಒಳ್ಳೆಯ ಟೆಸ್ಟ್. ಆದರೆ ಇದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂದು ಯೋಚಿಸಿದವರು ಕಡಿಮೆ. ಕಡತದಲ್ಲಿ ಯಾರೋ ಕೈತಪ್ಪಿ `ravi;ravi` ಎಂದು ಎರಡು ಸಲ ಬರೆದಿದ್ದಾರೆ ಅನ್ನಿ. ಮೇಲಿನ `split` ಇಬ್ಬರಿಗೆಂದು ಅರ್ಧ ಅರ್ಧ ಮಾಡುತ್ತದೆ. ಡಿಕ್ಷನರಿಯಲ್ಲಿ ಒಂದು ಹೆಸರಿಗೆ ಒಂದೇ ಜಾಗ ಇರುವುದರಿಂದ ಒಂದು ಅರ್ಧ ಇನ್ನೊಂದರ ಮೇಲೆ ಕೂತು ಅಳಿಸಿಹೋಗುತ್ತದೆ. ನೂರು ರೂಪಾಯಿಯಲ್ಲಿ ಐವತ್ತು ಮಾಯ! ಇಂಥ ಹೆಸರುಗಳನ್ನೂ ಕೊಟ್ಟು ನೋಡಿದರೆ ಮೊತ್ತದ ಟೆಸ್ಟ್ ಇದನ್ನು ಹಿಡಿಯುತ್ತದೆ.

ಇದೇ ಟೆಸ್ಟ್ 19.99ರ ತಪ್ಪನ್ನು ಹಿಡಿಯುವುದಿಲ್ಲ. ಓದುವಾಗಲೇ 1998 ಆಗಿಹೋದದ್ದನ್ನು ಹಂಚಿದರೂ ಮೊತ್ತ 1998ಕ್ಕೆ ಸರಿಯಾಗಿಯೇ ಇರುತ್ತದೆ. ಎಲ್ಲರ ಬಾಕಿ ಕೂಡಿದರೆ ಸೊನ್ನೆ ಬರುತ್ತದೆ, ಲೆಕ್ಕ ಮಾತ್ರ ತಪ್ಪು. ದುಡ್ಡು ಕೊಟ್ಟವನು ಖರ್ಚಿನಲ್ಲಿ ಪಾಲುದಾರ ಇದ್ದೇ ಇರುತ್ತಾನೆ ಎಂದುಕೊಂಡು ಇಮ್ರಾನ್‌ನನ್ನೂ ಮೂರನೆಯ ಸಾಲಿಗೆ ಸೇರಿಸಿಬಿಡುವುದು ಇನ್ನೊಂದು ತಪ್ಪು, ಬಹಳ ಸಾಮಾನ್ಯವಾದದ್ದು. ಅಲ್ಲೂ ಮೊತ್ತ ಸೊನ್ನೆಯೇ. ಇವೆರಡನ್ನೂ ಹಿಡಿಯಬೇಕಾದರೆ ಆರಂಭದಲ್ಲಿ ಕಾಗದದ ಮೇಲೆ ಬಿಡಿಸಿದ ಲೆಕ್ಕವನ್ನೇ ಟೆಸ್ಟ್ ಆಗಿ ಬರೆಯಬೇಕು: ಈ ಮೂರು ಸಾಲು ಕೊಟ್ಟರೆ ಇಮ್ರಾನ್ 1313.34, ರವಿ 343.32 ಕೊಡಬೇಕು. ಕೈಲೆಕ್ಕದ್ದೊಂದು, ಮೊತ್ತದ್ದೊಂದು, ಕೆಟ್ಟ ಕಡತದ್ದೊಂದು, ಹೀಗೆ ಯೋಚಿಸಿ ಬರೆದ ಐದಾರು ಟೆಸ್ಟ್‌ಗಳಿಗೆ ಓದುವವರು ಕೊಡುವ ಬೆಲೆಯನ್ನು, ಪ್ರತಿ ಫಂಕ್ಷನ್‌ಗೂ ಒಂದರಂತೆ ಯಾಂತ್ರಿಕವಾಗಿ ಬರೆದ ನಲವತ್ತಕ್ಕೆ ಕೊಡುವುದಿಲ್ಲ.

ಮೂರನೆಯ ಕಷ್ಟ ಜೋಡಿಸುವುದು. ಬಾಕಿಗಳು ಸಿಕ್ಕ ಮೇಲೆ, ಅತಿ ಹೆಚ್ಚು ಕೊಡಬೇಕಾದವರು ಅತಿ ಹೆಚ್ಚು ಬರಬೇಕಾದವರಿಗೆ ಕೊಡಲಿ, ಇಬ್ಬರಲ್ಲಿ ಒಬ್ಬರ ಲೆಕ್ಕ ಸೊನ್ನೆಯಾಗುತ್ತದೆ, ಉಳಿದವರೊಂದಿಗೆ ಮತ್ತೆ ಅದನ್ನೇ ಮಾಡಿ. ಪ್ರತಿ ಹಂತದಲ್ಲೂ ಒಬ್ಬರಾದರೂ ಹೊರಬೀಳುತ್ತಾರೆ, ಕೊನೆಯ ಹಂತದಲ್ಲಿ ಇಬ್ಬರೂ ಒಟ್ಟಿಗೆ ಹೊರಬೀಳುತ್ತಾರೆ. ಹಾಗಾಗಿ ಐದು ಜನರಿದ್ದರೆ ನಾಲ್ಕು ಪಾವತಿಗಿಂತ ಹೆಚ್ಚು ಆಗುವುದಿಲ್ಲ. ಆದರೆ ಇದೇ ಅತಿ ಕಡಿಮೆ ಎಂದೇನೂ ಇಲ್ಲ. ಇಬ್ಬರಿಗೆ 600 ಮತ್ತು 500 ಬರಬೇಕು, ಮೂವರು 500, 300, 300 ಕೊಡಬೇಕು ಅನ್ನಿ. ಈ ಪದ್ಧತಿ ಮೊದಲು 500 ಕೊಡುವವರನ್ನು 600ರವರ ಜೊತೆ ಸೇರಿಸುತ್ತದೆ, ಅಲ್ಲಿ ನೂರು ಬಾಕಿ ಉಳಿದು ಕೊನೆಗೆ ನಾಲ್ಕು ಪಾವತಿಯಾಗುತ್ತದೆ. ಕಣ್ಣಳತೆಯಲ್ಲೇ ನೋಡಿ: 500ಕ್ಕೆ 500 ನೇರ, ಎರಡು 300 ಸೇರಿ 600. ಮೂರೇ ಸಾಕು.

ಯಾವಾಗಲೂ ಅತಿ ಕಡಿಮೆ ಪಾವತಿ ಹುಡುಕುವುದು ಗಣಕವಿಜ್ಞಾನದಲ್ಲಿ ನಿಜಕ್ಕೂ ಕಠಿಣವೆಂದು ಹೆಸರಾದ ಜಾತಿಯ ಸಮಸ್ಯೆ. ಜನ ಹೆಚ್ಚಿದಂತೆ ಹುಡುಕಾಟ ವಿಪರೀತ ಬೆಳೆಯುತ್ತದೆ. ಅಭ್ಯರ್ಥಿ ಇಲ್ಲಿ ಎರಡು ದಿನ ಕಳೆಯಬಹುದು, ಅಥವಾ ಸರಳ ಪದ್ಧತಿಯನ್ನೇ ಇಟ್ಟು ಈ ಐದು ಜನರ ಉದಾಹರಣೆಯನ್ನು ಸೇರಿಸಿ 'ಇಲ್ಲಿ ಒಂದು ಪಾವತಿ ಹೆಚ್ಚಾಗುತ್ತದೆ, ಪ್ರಶ್ನೆ ಅತಿ ಕಡಿಮೆ ಕೇಳಿಲ್ಲವಾದ್ದರಿಂದ ಬಿಟ್ಟಿದ್ದೇನೆ' ಎಂದು ಬರೆಯಬಹುದು. ಎರಡನೆಯದನ್ನು ಓದಿದಾಗ ನನಗೆ ಆ ವ್ಯಕ್ತಿಯನ್ನು ಭೇಟಿಯಾಗಬೇಕು ಅನ್ನಿಸುತ್ತದೆ.

ಕೋಡ್ ಎಲ್ಲಿ ಕೂರಬೇಕು

ಕೆಲಸ ಮೂರು ತುಂಡಾಗಿ ತಾನೇ ಒಡೆದಿರುವುದರಿಂದ ಕಡತಗಳನ್ನೂ ಹಾಗೆಯೇ ಇಟ್ಟರೆ ಸಾಕು.

```
README.md
trip.csv
khata/
    __init__.py
    __main__.py
    parse.py
    split.py
    settle.py
tests/
```

ಇಲ್ಲಿ ಮುಖ್ಯವಾದದ್ದು ಹೆಸರುಗಳಲ್ಲ, ಯಾವ ಕಡತಕ್ಕೆ ಏನು ಗೊತ್ತಿದೆ ಎಂಬುದು. `parse.py` ಒಂದಕ್ಕೇ ಸಿಎಸ್‌ವಿ ಎಂಬುದೊಂದು ಇದೆಯೆಂದು ಗೊತ್ತು. ಖಾಲಿ ಹೆಸರು, ಎರಡೆರಡು ಸಲ ಬಂದ ಹೆಸರು, `abc` ಎಂಬ ಮೊತ್ತ, ಋಣ ಮೊತ್ತ ಎಲ್ಲವೂ ಅಲ್ಲೇ ತಡೆಯಲ್ಪಡಬೇಕು, ಅದೂ ಎಷ್ಟನೆಯ ಸಾಲಿನಲ್ಲಿ ಏನು ತಪ್ಪು ಎಂಬ ವಿವರದ ಸಮೇತ. ಅಲ್ಲಿಂದ ಒಳಕ್ಕೆ ಹೋದ ಮಾಹಿತಿ ಸರಿಯಿದೆ ಎಂದು `split.py`, `settle.py` ನಂಬಬಹುದು. ಅವು ಕಡತ ತೆರೆಯುವುದಿಲ್ಲ, ಏನನ್ನೂ ಮುದ್ರಿಸುವುದಿಲ್ಲ. ಸಂಖ್ಯೆ ತೆಗೆದುಕೊಂಡು ಸಂಖ್ಯೆ ಕೊಡುತ್ತವೆ. ಟೆಸ್ಟ್ ಬರೆಯುವುದು ಸುಲಭವಾಗುವುದು ಇದರಿಂದಲೇ. ತಾತ್ಕಾಲಿಕ ಕಡತ ಸೃಷ್ಟಿಸಿ, ಮುದ್ರಿತ ಅಕ್ಷರಗಳನ್ನು ಹಿಡಿದು ಹೋಲಿಸುವ ಹರಸಾಹಸದ ಟೆಸ್ಟ್‌ಗಳು ಕಂಡರೆ, ಓದುವ ಕೆಲಸವೂ ಲೆಕ್ಕದ ಕೆಲಸವೂ ಒಂದೇ ಫಂಕ್ಷನ್‌ನಲ್ಲಿ ಸಿಕ್ಕಿಕೊಂಡಿವೆ ಎಂದು ಕೋಡ್ ನೋಡದೆಯೇ ಹೇಳಬಹುದು.

ಕಾಲೇಜಿನಿಂದ ಆಗತಾನೇ ಬಂದವರು ಎಲ್ಲವನ್ನೂ ಒಂದು ಇನ್ನೂರು ಸಾಲಿನ ಕಡತದಲ್ಲಿ ತುರುಕುತ್ತಾರೆ. ಐದಾರು ವರ್ಷ ಅನುಭವವಿದ್ದವರ ತಪ್ಪು ಇದಕ್ಕೆ ತದ್ವಿರುದ್ಧ: ಹಂಚುವ ವಿಧಾನ ಒಂದೇ ಇದ್ದರೂ ಅದಕ್ಕೊಂದು ಅಮೂರ್ತ ಕ್ಲಾಸು, ಅದನ್ನು ತಯಾರಿಸಲು ಇನ್ನೊಂದು ಫ್ಯಾಕ್ಟರಿ, ಅದಕ್ಕೊಂದು ಕಾನ್ಫಿಗ್ ಕಡತ. ನಾಳೆ ಬೇಕಾಗಬಹುದು ಎಂಬುದು ಅವರ ಸಮಜಾಯಿಷಿ. ಓದುವವರು ಪೈಸೆ ಹಂಚುವ ಸಾಲನ್ನು ತಲುಪಲು ಐದು ಕಡತ ದಾಟಬೇಕಾಗಿ ಬಂದರೆ ಆ ನಾಳೆಯ ಮೇಲೆ ಸಿಟ್ಟು ಬರುತ್ತದೆ. ಎರಡರಲ್ಲಿ ನನಗೆ ಇನ್ನೂರು ಸಾಲಿನ ಕಡತವೇ ಹೆಚ್ಚು ಸಹ್ಯ. ಅದನ್ನು ಕನಿಷ್ಠ ಮೇಲಿನಿಂದ ಕೆಳಕ್ಕೆ ಓದಬಹುದು.

ರೀಡ್‌ಮಿ

ಓದುವವರು ಮೊದಲು ತೆರೆಯುವ ಕಡತ ರೀಡ್‌ಮಿ, ಬರೆಯುವವರು ಕೊನೆಗೆ, ನಿದ್ದೆಗಣ್ಣಿನಲ್ಲಿ ಬರೆಯುವುದೂ ಅದನ್ನೇ. ನಾಲ್ಕು ಗಂಟೆಯಲ್ಲಿ ಮುಕ್ಕಾಲು ಗಂಟೆ ಇದಕ್ಕೆಂದೇ ಎತ್ತಿಟ್ಟರೆ ತಪ್ಪಿಲ್ಲ.

ಮೊದಲ ಸಾಲಿನಲ್ಲಿ ಇದು ಏನು ಮಾಡುತ್ತದೆ ಎಂದಿರಲಿ. ಅದರ ಕೆಳಗೇ ನಡೆಸುವ ವಿಧಾನ: ಯಾವ ಆವೃತ್ತಿಯ ಪೈಥಾನ್, ಯಾವ ಆದೇಶ, ಏನು ಉತ್ತರ ಬರಬೇಕು.

```
$ python3 -m khata trip.csv
imran -> asha  1313.34
ravi  -> asha   343.32

$ python3 -m pip install pytest
$ python3 -m pytest
```

ಬರಬೇಕಾದ ಉತ್ತರವನ್ನೂ ಹಾಕುವುದು ಸಣ್ಣ ವಿಷಯವೆನಿಸಿದರೂ ಓದುವವರಿಗೆ ಅದು ದೊಡ್ಡ ನೆಮ್ಮದಿ. ತನ್ನ ಯಂತ್ರದಲ್ಲಿ ಸರಿಯಾಗಿ ನಡೆಯಿತೋ ಇಲ್ಲವೋ ಎಂದು ಊಹಿಸಬೇಕಾಗಿಲ್ಲ.

ಆಮೇಲೆ ಬರುವ ಭಾಗವೇ ರೀಡ್‌ಮಿಯ ಜೀವ, ಹೆಚ್ಚಿನವುಗಳಲ್ಲಿ ಇಲ್ಲದಿರುವುದೂ ಅದೇ: ಏನೆಂದುಕೊಂಡೆ, ಏನನ್ನು ಬಿಟ್ಟೆ, ಯಾಕೆ ಬಿಟ್ಟೆ. ನಮ್ಮ ಉದಾಹರಣೆಗೆ ಅದು ಹೀಗಿರಬಹುದು: ಎಲ್ಲ ಮೊತ್ತಗಳೂ ರೂಪಾಯಿಯಲ್ಲಿವೆ, ಹಂಚಿಕೆ ಸಮಪಾಲು ಎಂದುಕೊಂಡಿದ್ದೇನೆ. ಒಳಗಿನ ಲೆಕ್ಕವೆಲ್ಲ ಪೂರ್ಣಾಂಕ ಪೈಸೆಯಲ್ಲಿದೆ. ಉಳಿದ ಪೈಸೆ ಅಕಾರಾದಿಯಲ್ಲಿ ಮೊದಲಿನವರಿಗೆ ಹೋಗುತ್ತದೆ; ದೀರ್ಘಕಾಲದ ಲೆಕ್ಕಕ್ಕೆ ಇದು ನ್ಯಾಯವಲ್ಲ. ಪಾವತಿಗಳ ಸಂಖ್ಯೆ ಅತಿ ಕಡಿಮೆ ಇರಲೇಬೇಕೆಂದಿಲ್ಲ, ಐದು ಜನರ ಉದಾಹರಣೆ ಟೆಸ್ಟ್‌ನಲ್ಲಿದೆ. ಒಂದು ಸಾಲು ಕೆಟ್ಟಿದ್ದರೂ ಇಡೀ ಕಡತವನ್ನು ತಿರಸ್ಕರಿಸುತ್ತೇನೆ, ಯಾಕೆಂದರೆ ಅರ್ಧ ಲೆಕ್ಕ ಕೊಡುವುದಕ್ಕಿಂತ ಲೆಕ್ಕ ಕೊಡದಿರುವುದು ವಾಸಿ. ಇನ್ನೂ ನಾಲ್ಕು ಗಂಟೆ ಸಿಕ್ಕಿದ್ದರೆ ಶೇಕಡಾವಾರು ಹಂಚಿಕೆ ಸೇರಿಸುತ್ತಿದ್ದೆ. ಇಷ್ಟೇ. ಒಂದು ಪುಟ ದಾಟಬೇಕಾಗಿಲ್ಲ.

ತೆಗೆದುಕೊಂಡ ಸಮಯವನ್ನು ಬರೆಯಬೇಕೇ ಎಂದು ಅನೇಕರು ಕೇಳುತ್ತಾರೆ. ಪ್ರಶ್ನೆಯಲ್ಲಿ ಮಿತಿ ಇದ್ದರೆ ನಿಜವನ್ನೇ ಬರೆಯಿರಿ. ಐದೂವರೆ ಗಂಟೆ ಹಿಡಿಯಿತು ಎಂದವರನ್ನು ಯಾರೂ ಹೊರಗೆ ಹಾಕುವುದಿಲ್ಲ. ಮೂರು ದಿನದ ಕೆಲಸವನ್ನು ನಾಲ್ಕು ಗಂಟೆಯದೆಂದರೆ ಗಿಟ್ ಇತಿಹಾಸವೇ ಚಾಡಿ ಹೇಳುತ್ತದೆ.

ಓದುವವರ ಅರ್ಧ ಗಂಟೆ

ಗಿಟ್ ಮಾತು ಬಂದದ್ದರಿಂದ ಓದುವವರು ಏನು ಮಾಡುತ್ತಾರೆ ಎಂಬುದನ್ನೂ ಹೇಳಬೇಕು. ಅವರೂ ಅದೇ ಕಂಪನಿಯ ಎಂಜಿನಿಯರುಗಳು. ತಮ್ಮ ಕೆಲಸದ ನಡುವೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಬಿಡುವು ಮಾಡಿಕೊಂಡು ಕೂತಿರುತ್ತಾರೆ. ರೀಡ್‌ಮಿಯ ಆದೇಶವನ್ನು ಹಾಗೆಯೇ ನಕಲು ಮಾಡಿ ಟರ್ಮಿನಲ್‌ಗೆ ಅಂಟಿಸುತ್ತಾರೆ. ಅದು ನಡೆಯದಿದ್ದರೆ ಹತ್ತು ನಿಮಿಷ ಅಲ್ಲೇ ಹೋಯಿತು, ಅಂಥ ಅಸೈನ್‌ಮೆಂಟ್ ಚೇತರಿಸಿಕೊಳ್ಳುವುದು ಕಷ್ಟ. ನಡೆಯದಿರುವುದಕ್ಕೆ ಕಾರಣಗಳೂ ಬಹಳ ಸಾಮಾನ್ಯವಾದವು: ಕೋಡಿನೊಳಗೆ ಅಭ್ಯರ್ಥಿಯ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಫೋಲ್ಡರಿನ ವಿಳಾಸ ಇರುತ್ತದೆ, ಅಥವಾ ಆತ ಎಂದೋ ಇನ್‌ಸ್ಟಾಲ್ ಮಾಡಿ ಮರೆತ ಲೈಬ್ರರಿಯೊಂದು ಬೇಕಾಗಿರುತ್ತದೆ. ಕಳಿಸುವ ಮುನ್ನ ಬೇರೊಂದು ಖಾಲಿ ಫೋಲ್ಡರಿಗೆ `git clone` ಮಾಡಿ, ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ, ತನ್ನದೇ ರೀಡ್‌ಮಿಯನ್ನು ಅಪರಿಚಿತನಂತೆ ಪಾಲಿಸಿ ನೋಡಿದರೆ ಎರಡೂ ಸಿಕ್ಕಿಬೀಳುತ್ತವೆ.

ನಡೆದ ಮೇಲೆ ಅವರು ತಮ್ಮ ಬಳಿ ಇರುವ ಬೇರೆ ಸಿಎಸ್‌ವಿಯನ್ನು ಕೊಡುತ್ತಾರೆ. ಅದರಲ್ಲಿ ಹೆಸರಿನ ಹಿಂದೆ ಮುಂದೆ ಖಾಲಿ ಜಾಗ, `Asha` ಮತ್ತು `asha`, `"1,250.50"` ಎಂಬ ಅಲ್ಪವಿರಾಮವಿರುವ ಮೊತ್ತ, ಕೊನೆಯಲ್ಲೊಂದು ಬರಿದಾದ ಸಾಲು, ಹೀಗೆ ಏನೇನೋ. ಎಲ್ಲವನ್ನೂ ನಿಭಾಯಿಸಬೇಕೆಂದು ನಿರೀಕ್ಷೆ ಇರುವುದಿಲ್ಲ. ನಿಭಾಯಿಸಲಾಗದಾಗ ಏನಾಗುತ್ತದೆ ಎಂಬುದರ ಮೇಲೆ ಕಣ್ಣಿರುತ್ತದೆ. 'ಐದನೆಯ ಸಾಲು: ಮೊತ್ತ ಅರ್ಥವಾಗಲಿಲ್ಲ' ಎಂದು ಹೇಳಿ ನಿಂತರೆ ಸರಿ. ಮೂವತ್ತು ಸಾಲಿನ ದೋಷ ಸಂದೇಶ ಕಾರಿದರೆ ಅಷ್ಟೇನೂ ಚೆನ್ನಲ್ಲ. ಏನೂ ಆಗಿಲ್ಲವೆಂಬಂತೆ ತಪ್ಪು ಉತ್ತರ ಕೊಟ್ಟರೆ ಅದೇ ಅತಿ ಕೆಟ್ಟದ್ದು. ದೋಷವನ್ನು ಹಿಡಿದು ಸುಮ್ಮನೆ ನುಂಗಿಬಿಡುವ `except: pass` ಎಂಬ ಸಾಲನ್ನು ಹುಡುಕಿಕೊಂಡು ಹೋಗುವ ರಿವ್ಯೂಯರುಗಳೂ ಇದ್ದಾರೆ.

ಅದರ ನಂತರ `git log`. 'ಫೈನಲ್' ಎಂಬ ಒಂದೇ ಕಮಿಟ್ ಇದ್ದರೆ ಅಂಕ ಕಳೆಯುವುದಿಲ್ಲ, ಆದರೆ ಗಳಿಸುವ ಅವಕಾಶವೊಂದು ಹೋಯಿತು. ಮೊದಲು ಓದುವಿಕೆ, ಆಮೇಲೆ ಹಂಚಿಕೆ, ಆಮೇಲೆ 'ಒಂದೇ ಹೆಸರು ಎರಡು ಸಲ ಬಂದರೆ ತಿರಸ್ಕರಿಸು' ಎಂಬ ಪುಟ್ಟ ತಿದ್ದುಪಡಿ, ಹೀಗೆ ಏಳೆಂಟು ಕಮಿಟ್ ಇದ್ದರೆ ವ್ಯಕ್ತಿ ಹೇಗೆ ಯೋಚಿಸಿದರು ಎಂಬುದು ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ರೆಪೊದಲ್ಲಿ `__pycache__` ಬಿದ್ದಿರುವುದು ಕ್ಷಮ್ಯ. `.env` ಕಡತದಲ್ಲಿ ಯಾವುದೋ ಸೇವೆಯ ಗುಪ್ತ ಕೀಲಿ ಇದ್ದರೆ ಅಲ್ಲ. ಅದನ್ನು ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಹಿಂದಿನದರಲ್ಲಿ ಉಳಿದೇ ಇರುತ್ತದೆ. ಹಾಗಾಗಿದ್ದರೆ ಆ ಕೀಲಿಯನ್ನೇ ರದ್ದುಮಾಡಬೇಕು.

ಮೆಚ್ಚಿಕೆಯಾದರೆ ಒಂದು ಗಂಟೆಯ ಮಾತುಕತೆಗೆ ಕರೆಯುತ್ತಾರೆ. ಅಲ್ಲಿ ಹೊಸ ಒಗಟಿಲ್ಲ, ಇದೇ ಕೋಡನ್ನು ಮುಂದುವರಿಸುವುದು. 'ಈಗ ಸಮಪಾಲು ಬೇಡ, 50:30:20ರ ಪ್ರಮಾಣದಲ್ಲಿ ಹಂಚಬೇಕು ಅಂದರೆ ನೀವು ಎಲ್ಲಿ ಕೈ ಹಾಕ್ತೀರಿ?' ಎಂದು ಕೇಳುತ್ತಾರೆ. ಕಡತಗಳನ್ನು ಸರಿಯಾಗಿ ಒಡೆದಿದ್ದವರು `parse.py`ಯಲ್ಲಿ ಪ್ರಮಾಣ ಓದಲು ಒಂದಿಷ್ಟು, `split.py`ಯಲ್ಲಿ ಒಂದಿಷ್ಟು ಎಂದು ತೋರಿಸುತ್ತಾರೆ. `settle.py`ಗೆ ಇದರ ಸುದ್ದಿಯೇ ಮುಟ್ಟುವುದಿಲ್ಲ. ಆದರೆ ಪೈಸೆಯ ಪ್ರಶ್ನೆ ಹೊಸ ವೇಷದಲ್ಲಿ ಬರುತ್ತದೆ. 100 ರೂಪಾಯಿ 1 ಪೈಸೆ ಹಂಚಬೇಕಿದೆ, ಅಂದರೆ 10001 ಪೈಸೆ. ಪಾಲುಗಳು 5000.5, 3000.3, 2000.2. ಇಲ್ಲಿ `round` ಬಳಸುತ್ತೇನೆ ಎಂದವರಿಗೆ ಪೈಥಾನ್ ಒಂದು ಚೇಷ್ಟೆ ಕಾದಿಟ್ಟಿರುತ್ತದೆ. ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ, ಹಾಗಾಗಿ 5000.5 ಎಂಬುದು 5001 ಆಗದೆ 5000 ಆಗುತ್ತದೆ. ಮೂರನ್ನೂ ಕೂಡಿದರೆ 10000, ಪೈಸೆ ಮತ್ತೆ ಕಾಣೆ. ದಾರಿ ಇದು: ಎಲ್ಲರ ಪಾಲಿನ ದಶಮಾಂಶವನ್ನೂ ಕತ್ತರಿಸಿ, ಉಳಿದ ಪೈಸೆಗಳನ್ನು ಯಾರ ದಶಮಾಂಶ ದೊಡ್ಡದಿತ್ತೋ ಅವರಿಂದ ಆರಂಭಿಸಿ ಒಂದೊಂದಾಗಿ ಕೊಡುತ್ತ ಹೋಗುವುದು. ಇಲ್ಲಿ .5 ಇದ್ದವರಿಗೆ 5001. ಮತಪ್ರಮಾಣಕ್ಕೆ ತಕ್ಕಂತೆ ಪಕ್ಷಗಳಿಗೆ ಸೀಟು ಹಂಚುವ ಕೆಲವು ದೇಶಗಳಲ್ಲಿ ಇದೇ ಕ್ರಮ ಬಳಕೆಯಲ್ಲಿದೆ. ಮಾತುಕತೆಯಲ್ಲಿ ಅದರ ಹೆಸರು ಗೊತ್ತಿರಬೇಕೆಂದಿಲ್ಲ. ಹತ್ತು ನಿಮಿಷ ಯೋಚಿಸಿ ಇಲ್ಲಿಗೆ ತಲುಪಿದರೆ ಸಾಕು, ಅದಕ್ಕೂ ಮೊದಲು ಹಳೆಯ ಮೊತ್ತದ ಟೆಸ್ಟನ್ನು ಈ ಹೊಸ ಫಂಕ್ಷನ್‌ಗೂ ಬರೆದುಬಿಡುತ್ತೇನೆ ಎಂದರೆ ಇನ್ನೂ ಒಳ್ಳೆಯದು.